ವೀಣಾಳಿಗೆ, ಹೊರಡುವ ಮುಂಚೆ

ತ್ಯಾಗರಾಜನಗರ, ಬೆಂಗಳೂರು
ಅಕ್ಟೋಬರ್ 9, 2025

ಪ್ರೀತಿಯ ವೀಣಾ,

ನಾಡಿದ್ದು ರಾತ್ರಿ ಕೆನಡಾಕ್ಕೆ ನಿನ್ನ ವಿಮಾನ. ಏರ್‌ಪೋರ್ಟಿಗೆ ನಾನೂ ಬರುತ್ತೇನೆ. ಆದರೆ ಅಲ್ಲಿ ನನಗೆ ಮಾತು ಹೊರಡುವುದಿಲ್ಲ. ಸೂಟ್‌ಕೇಸ್ ತೂಕ, ಪಾಸ್‌ಪೋರ್ಟು, ಪುಟ್ಟಿಯ ಸ್ವೆಟರ್ ಅಂತ ಅದರಲ್ಲೇ ಹೊತ್ತು ಹೋಗುತ್ತದೆ. ಅದಕ್ಕೇ ಈ ಕಾಗದ. ಹೊರಡುವ ಮುಂಚೆ ಓದು.

2011ರಲ್ಲಿ ತೀರ್ಥಹಳ್ಳಿಯಿಂದ ಬಂದು ಕೆಲಸಕ್ಕೆ ಸೇರಿದಾಗ ಈ ಊರಲ್ಲಿ ನನಗೆ ಗೊತ್ತಿದ್ದದ್ದು ಮೆಜೆಸ್ಟಿಕ್ ಒಂದೇ. ಮೂರನೇ ದಿನವೋ ಏನೋ, ಪಿಜಿಯವರು ಕಟ್ಟಿಕೊಟ್ಟ ಒಣ ಚಪಾತಿ ಮುಂದೆ ನಾನು ಸುಮ್ನೆ ಕೂತಿದ್ದೆ. ನೀನು ಏನೂ ಕೇಳಲಿಲ್ಲ. ನಿನ್ನ ಚಿತ್ರಾನ್ನದಲ್ಲಿ ಅರ್ಧ ನನ್ನ ಡಬ್ಬಿಗೆ ಸುರಿದೆ. ಬೆಂಗಳೂರು ನನಗೆ ಊರಾಗಲು ಶುರುವಾಗಿದ್ದು ಅವತ್ತಿನಿಂದ. ಗಾಂಧಿ ಬಜಾರಿನಲ್ಲಿ ಹೂವಿನ ಚೌಕಾಸಿ, ಲಾಲ್‌ಬಾಗ್ ಬಂಡೆಯ ಮೇಲೆ ಸಂಜೆಯ ಗಾಳಿ, ನಿನ್ನ ಸ್ಕೂಟಿಯಲ್ಲಿ ನಾನು ಗಾಡಿ ಕಲಿತದ್ದು, ಎಲ್ಲ ನೀನು ಕೊಟ್ಟದ್ದೇ.

ಆದರೆ ನಾನು ನಿಜವಾಗಿ ಹೇಳಬೇಕಾದ್ದು 2021ರ ಮೇ ತಿಂಗಳ ಮಾತು. ಯಾವಾಗ ಎತ್ತಿದರೂ "ಸುಮ್ನಿರೇ ಸಾಕು" ಅಂತ ಬಾಯಿ ಮುಚ್ಚಿಸಿದ್ದೀಯ. ಇವತ್ತು ಮುಚ್ಚಿಸಲು ಆಗುವುದಿಲ್ಲ.

ಅಮ್ಮನಿಗೂ ನನಗೂ ಒಟ್ಟಿಗೆ ಕೋವಿಡ್. ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ. ಅಂಥ ಲಾಕ್‌ಡೌನಿನಲ್ಲಿ ನೀನು ಎಷ್ಟು ಮೆಡಿಕಲ್ ಸ್ಟೋರ್ ಸುತ್ತಿದೆಯೋ, ಆಕ್ಸಿಮೀಟರ್ ತಂದು ಗೇಟಿಗೆ ನೇತುಹಾಕಿ ಹೋದೆ. ಅಮ್ಮನ ಬೆರಳಿಗೆ ಹಾಕಿದರೆ 91. ಬೆಡ್ ಎಲ್ಲೂ ಇಲ್ಲ. ನನ್ನ ಕೈ ನಡುಗುತ್ತಿತ್ತು. ನೀನು ಯಾರೋ ಡಾಕ್ಟರನ್ನು ಫೋನಿನಲ್ಲಿ ಹಿಡಿದು, ಅವರು ಹೇಳಿದ್ದನ್ನೇ ನನಗೆ ಹೇಳಿದೆ: "ಅಮ್ಮನ್ನ ಬೋರಲು ಮಲಗಿಸು. ಎದೆ ಕೆಳಗೆ ದಿಂಬು ಇಡು. ಫೋನ್ ಇಡಬೇಡ, ನಾನು ಇಲ್ಲೇ ಇದ್ದೀನಿ." ಕಿಟಕಿಯಿಂದ ನೋಡಿದರೆ ನಿಜವಾಗಿ ಇಲ್ಲೇ ಇದ್ದೆ. ಎದುರು ಮನೆ ಹೊಂಗೆ ಮರದ ಕೆಳಗೆ, ಎರಡು ಮಾಸ್ಕ್ ಹಾಕಿಕೊಂಡು, ಸ್ಕೂಟಿಗೆ ಒರಗಿ. 94 ಬಂತು ಅಂತ ನಾನು ಕೂಗಿ ಹೇಳುವವರೆಗೂ ನೀನು ಅಲ್ಲಿಂದ ಕದಲಲಿಲ್ಲ.

ಆಮೇಲೆ ಹದಿನಾರು ದಿನ ಆ ಸ್ಟೀಲ್ ಕ್ಯಾರಿಯರ್. ಮೂರು ಡಬ್ಬಿ: ಅನ್ನ, ತಿಳಿಸಾರು, ಪಲ್ಯ. ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿದ ಚೀಟಿ. "ಅಮ್ಮನಿಗೆ ಖಾರ ಕಮ್ಮಿ ಹಾಕಿದ್ದೀನಿ." "ಇವತ್ತು ಕೊತ್ತಂಬರಿ ಸಿಗಲಿಲ್ಲ, ಬೇಜಾರು ಮಾಡ್ಕೋಬೇಡಿ." ಊರೆಲ್ಲ ಆಂಬುಲೆನ್ಸ್ ಸದ್ದು ಕೇಳುತ್ತಿದ್ದ ಆ ದಿನಗಳಲ್ಲಿ ಕೊತ್ತಂಬರಿ ಸೊಪ್ಪಿಲ್ಲ ಅಂತ ನೊಂದುಕೊಂಡವಳು ನೀನು. ಆ ಚೀಟಿ ಓದಿ ನಾನು ಅತ್ತುಬಿಟ್ಟೆ ಕಣೇ.

ಅದೇ ವಾರ ನಿನ್ನ ಸೋದರಮಾವ ಹೋಗಿದ್ದರು. ನಿನ್ನನ್ನು ಎತ್ತಿ ಆಡಿಸಿ ಬೆಳೆಸಿದವರು. ನನಗೆ ಗೊತ್ತಾಗಿದ್ದು ಎರಡು ತಿಂಗಳು ಕಳೆದ ಮೇಲೆ, ಅದೂ ನಿನ್ನ ಅತ್ತಿಗೆಯಿಂದ. ಅಂಥ ದುಃಖ ಒಳಗಿಟ್ಟುಕೊಂಡು ಬೆಳಿಗ್ಗೆ ಎದ್ದು ನಮಗೆ ಸಾರು ಕಾಯಿಸಿದ್ದೆ. ನಿನ್ನ ಜೊತೆ ಒಂದು ಗಳಿಗೆ ಕೂತು ಅಳುವುದಕ್ಕೂ ನಾನು ಸಿಗಲಿಲ್ಲವಲ್ಲ ಅಂತ ಈಗಲೂ ಹೊಟ್ಟೆ ಸಂಕಟವಾಗುತ್ತದೆ. ಅಮ್ಮ ಇವತ್ತು ಅಡುಗೆಮನೆಯಲ್ಲಿ ಓಡಾಡಿಕೊಂಡಿದ್ದಾಳೆ. ಅದನ್ನು ನೋಡಿದಾಗಲೆಲ್ಲ ನಿನ್ನ ನೆನಪಾಗುತ್ತದೆ. ಥ್ಯಾಂಕ್ಸ್ ಅನ್ನುವ ಪದ ಇದಕ್ಕೆ ಸಾಲುವುದಿಲ್ಲ. ಆದರೂ ಹೇಳುತ್ತಿದ್ದೇನೆ. ನಿನ್ನ ಋಣ ದೊಡ್ಡದು ವೀಣಾ.

ಈ ಸಲ ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಗೆ ನೀನಿರುವುದಿಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ ನಾನು ಒಬ್ಬಳೇ ಎರಡು ಸೇರು ಕೊಳ್ಳುತ್ತೇನೆ. ಒಂದು ಸೇರು ಹುರಿದು, ಕ್ಯಾಲ್ಗರಿಗೆ ಹೊರಡುವವರು ಯಾರಾದರೂ ಸಿಕ್ಕರೆ ಅವರ ಕೈಯಲ್ಲಿ ಕಳಿಸುತ್ತೇನೆ. ಅಲ್ಲಿಗೂ ಇಲ್ಲಿಗೂ ಸುಮಾರು 12 ಗಂಟೆ ವ್ಯತ್ಯಾಸ ಅಂತಾರೆ. ಒಳ್ಳೆಯದೇ ಆಯಿತು. ನಾನು ಬೆಳಿಗ್ಗೆ ಕಾಫಿ ಸೋಸುವಾಗ ನೀನು ರಾತ್ರಿ ಊಟ ಮುಗಿಸಿರುತ್ತೀಯ. ಆಗಲೇ ಫೋನ್ ಮಾಡುತ್ತೇನೆ. ಚಳಿಗೆ ಪುಟ್ಟಿ ಹುಷಾರು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಬೇರೆಯವರಿಗೆ ಬಡಿಸಿ ನೀನು ನಿಂತೇ ತಿನ್ನುವ ಅಭ್ಯಾಸ ಬಿಡು. ಹೊಸ ಜಾಗದಲ್ಲಿ ಮೊದಮೊದಲು ಬೇಜಾರಾದರೆ ಒಳಗೇ ಇಟ್ಟುಕೊಳ್ಳಬೇಡ, ನನಗೆ ಹೇಳು. ನಮ್ಮ ನಡುರಾತ್ರಿಯಾದರೂ ಪರವಾಗಿಲ್ಲ.

ಆ ಕ್ಯಾರಿಯರ್ ಇನ್ನೂ ನನ್ನ ಹತ್ತಿರವೇ ಇದೆ. ಅದರ ಒಂದು ಡಬ್ಬಿಯಲ್ಲಿ ಅಮ್ಮ ಸಾರಿನ ಪುಡಿ ತುಂಬಿಟ್ಟಿದ್ದಾಳೆ. ಖಾರ ಕಮ್ಮಿ ಹಾಕಿದ್ದಾಳಂತೆ, ಪುಟ್ಟಿಗೂ ಆಗಲಿ ಅಂತ. ಏರ್‌ಪೋರ್ಟಿಗೆ ತರುತ್ತೇನೆ, ಸೂಟ್‌ಕೇಸಿನಲ್ಲಿ ಅದಕ್ಕೆ ಜಾಗ ಇಟ್ಟಿರು. ಉಳಿದ ಎರಡು ಡಬ್ಬಿ ಇಲ್ಲೇ ಇರಲಿ.

ನಿನ್ನ
ಸುಧಾ