ಚೀಟಿಯ ಕೊನೆಯ ಸಾಲು

"ದುಡ್ಡು ಮುಷ್ಟಿಯಲ್ಲಿಟ್ಟುಕೋ. ಆ ಚಡ್ಡಿಯ ಜೇಬು ತೂತು," ಎಂದು ಅಮ್ಮ ಚೀಟಿ, ಚೀಲ ಎರಡೂ ಕೊಟ್ಟಳು.

ತಂಗಿಗೆ ಜ್ವರ. ಅಪ್ಪ ಬೆಳಗಿನ ಲೋಕಲ್ ಹಿಡಿದು ಮುಂಬೈ ಫೋರ್ಟ್‌ನ ಹೋಟೆಲಿಗೆ ಹೋಗಿಯಾಗಿತ್ತು. ಹಾಗಾಗಿ ಶ್ರವಣ್ ಒಬ್ಬನೇ ಇಳಿದ. ಡೊಂಬಿವಲಿಯ ಆ ಗಲ್ಲಿಯಲ್ಲಿ ಅಂಗಡಿ ಇರುವುದು ಮೂಲೆಯಲ್ಲೇ, ರಸ್ತೆ ಕೂಡ ದಾಟಬೇಕಿಲ್ಲ. ಆದರೂ ಅಮ್ಮ ಗ್ಯಾಲರಿಯಲ್ಲಿ ನಿಂತಿದ್ದಳು, ಬಟ್ಟೆ ಒಣಗಿಸುವ ನೆಪದಲ್ಲಿ. ಒಂದೇ ಟವೆಲನ್ನು ಕೊಡವಿದ್ದೇ ಕೊಡವಿದ್ದು.

ಚೀಟಿಯಲ್ಲಿ ಇಷ್ಟಿತ್ತು:

ತೊಗರಿಬೇಳೆ ಅರ್ಧ ಕಿಲೊ
ಬ್ಯಾಡಗಿ ಮೆಣಸು 100 ಗ್ರಾಂ
ಸಾಸಿವೆ 100 ಗ್ರಾಂ
ಚಾ ಪುಡಿ ಸಣ್ಣ ಪ್ಯಾಕೆಟ್
ಬೆಲ್ಲ ಅರ್ಧ ಕಿಲೊ. ಕಪ್ಪಗಿದ್ದದ್ದು, ಹಳದಿ ಬೇಡ
ಚಿಲ್ಲರೆ ಬದಲು ಚಾಕಲೇಟ್ ಕೊಟ್ಟರೆ ತಗೋಬೇಡ

ಕೊನೆಯ ಸಾಲಿಗೆ ಅಡಿಗೆರೆ ಬೇರೆ.

ಅಂಗಡಿಯ ಕಟ್ಟೆ ಅವನ ಗಲ್ಲದವರೆಗೆ ಬರುತ್ತಿತ್ತು. ಚಿಕ್ಕವರಿಗೆ ಕ್ಯೂ ಅನ್ನೋದೇ ಇರಲ್ಲ, ಅಲ್ವಾ? ಅವನ ತಲೆಯ ಮೇಲಿಂದಲೇ ಕೈಗಳು ಚಾಚಿಕೊಂಡವು. ಒಬ್ಬರಿಗೆ ಹಾಲು, ಒಬ್ಬರಿಗೆ ಪಾವ್, ಇನ್ನೊಬ್ಬರಿಗೆ ರೀಚಾರ್ಜ್. ಮೂರು ಸಲ "ಕಾಕಾ" ಎಂದ, ಮೂರೂ ಸಲ ಗಂಟಲಲ್ಲೇ ಉಳಿಯಿತು. ನಾಲ್ಕನೇ ಸಲ ಕಣ್ಣು ಮುಚ್ಚಿ ಮರಾಠಿಯಲ್ಲಿ ಕಿರುಚಿಯೇ ಬಿಟ್ಟ.

"ಕಾಕಾ, ತೂರ್ ಡಾಳ್ ಅರ್ಧಾ ಕಿಲೊ!"

ಎಲ್ಲರೂ ತಿರುಗಿ ನೋಡಿದರು. ಆಮೇಲೆ ಸಲೀಸಾಯಿತು. ಕಾಕಾ ಹಳದಿ ಬೆಲ್ಲಕ್ಕೆ ಕೈ ಹಾಕಿದಾಗ ಶ್ರವಣ್, "ಪಿವಳಾ ನಕೋ, ಕಾಳಾ ದ್ಯಾ," ಎಂದ. ಕಾಕಾ ಗೊಣಗುತ್ತಲೇ ಒಳಗಿಂದ ಕಪ್ಪು ಬೆಲ್ಲದ ಅಚ್ಚು ತಂದು, ಅದರಿಂದ ಒಂದು ತುಂಡು ಒಡೆದು ತೂಗಿದರು.

ಲೆಕ್ಕ 237 ಆಯಿತು. ಇವನು ಕೊಟ್ಟದ್ದು 250. ಕಾಕಾ ಹತ್ತರ ಒಂದು ನೋಟು ಇಟ್ಟರು. ಅದರ ಮೇಲೆ ಮೂರು ಕಾಫಿ ಚಾಕಲೇಟ್.

ಶ್ರವಣ್‌ಗೆ ಕಾಫಿ ಚಾಕಲೇಟ್ ಅಂದರೆ ಪ್ರಾಣ.

"ಸುಟ್ಟೆ ದ್ಯಾ, ಕಾಕಾ," ಎಂದು ಚಿಲ್ಲರೆ ಕೇಳಿದ.

"ಸುಟ್ಟೆ ನಾಹೀತ್ ರೇ."

ಅವನು ಕದಲಲಿಲ್ಲ. ಹಿಂದಿದ್ದ ಹೆಂಗಸು, "ಲೌಕರ್ ಕರಾ ನಾ," ಎಂದು ರೇಗಿದಳು. ಕಾಕಾ ಗಲ್ಲಾ ಎಳೆದರು. ಚಿಲ್ಲರೆ ಇಲ್ಲದ ಗಲ್ಲಾ ಝಲ್ಲೆಂದಿತು! ಒಂದೊಂದು ರೂಪಾಯಿಯ ಮೂರು ನಾಣ್ಯ ಹೊರಬಂದವು.

ಶ್ರವಣ್ ಎಣಿಸಿ ಮುಷ್ಟಿಗೆ ಹಾಕಿಕೊಂಡ. ಮತ್ತೆ ಮುಷ್ಟಿ ಬಿಚ್ಚಿ ಎರಡನ್ನು ಕಟ್ಟೆಯ ಮೇಲಿಟ್ಟ.

"ಆತಾ ದೋನ್ ಚಾಕಲೇಟ್ ದ್ಯಾ."

ಕಾಕಾ ಅವನ ಮುಖ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು.

ಮನೆಯಲ್ಲಿ ಅಮ್ಮ ಮೊದಲು ಬೆಲ್ಲ ಮೂಸಿದಳು, ತಲೆಯಾಡಿಸಿದಳು. ಆಮೇಲೆ ದುಡ್ಡು ಎಣಿಸಿದಳು.

"ಹನ್ನೊಂದೇ ಇದೆಯಲ್ಲೋ? ಚಾಕಲೇಟ್ ತಗೋಬೇಡ ಅಂದಿದ್ದೆ ತಾನೇ?"

ಶ್ರವಣ್ ಬಾಯಲ್ಲಿದ್ದದ್ದನ್ನು ಒಂದು ಕೆನ್ನೆಗೆ ತಳ್ಳಿದ. "ಚಿಲ್ಲರೆ ಬದಲು ತಗೊಂಡಿಲ್ಲಮ್ಮ. ಚಿಲ್ಲರೆ ಈಸ್ಕೊಂಡೆ. ಆಮೇಲೆ ಕೊಂಡ್ಕೊಂಡೆ."

ಅಮ್ಮ ಚೀಟಿಯನ್ನು ಇನ್ನೊಮ್ಮೆ ಓದಿದಳು. ಬರೆದದ್ದು ಹಾಗೇ ಇತ್ತು.

"ಇನ್ನೊಂದೆಲ್ಲಿ?" ಎಂದು ಕೈ ಚಾಚಿದಳು. "ಕೊಡು ಇಲ್ಲಿ, ಅದು ನಂಗೆ."