ಜೂನ್‌ನಿಂದ ನವೆಂಬರ್‌ವರೆಗೆ: ನಿನ್ನ ಜರ್ಮನ್ ಪದಗಳ ಯೋಜನೆ

ತಂಗಿ,

ಡ್ಯೂಟಿ ಚಾರ್ಟ್ ಕಳಿಸಿದ್ದು ಒಳ್ಳೇದಾಯ್ತು. ಅದನ್ನು ಎದುರಿಗೆ ಇಟ್ಟುಕೊಂಡೇ ಇದನ್ನು ಬರೆದಿದ್ದೇನೆ. ತಿಂಗಳಿಗೊಂದು ವಾರ ನೈಟ್, ಉಳಿದ ದಿನ ಮಾರ್ನಿಂಗ್ ಇಲ್ಲವೇ ಈವ್ನಿಂಗ್, ಆಳಂದದಿಂದ ಕಲಬುರಗಿಗೆ ಬಸ್ಸಿನಲ್ಲಿ ಹೋಗಿ ಬರೋದು, ಮನೆಯಲ್ಲಿ ಮಗು. ದಿನಕ್ಕೆ ಎರಡು ತಾಸು ಓದು ಅಂತ ಬರೆದರೆ ಮೂರನೇ ದಿನವೇ ಕೈಬಿಡ್ತೀಯ. ಅದಕ್ಕೆ ದಿನಕ್ಕೆ ಅರ್ಧ ತಾಸು ಮಾತ್ರ ಇಟ್ಟಿದ್ದೇನೆ, ಅದೂ ಹೆಚ್ಚಿನದು ಬಸ್ಸಿನಲ್ಲೇ.

ಗುರಿ ಮೊದಲು ಹೇಳಿಬಿಡ್ತೀನಿ. ಜರ್ಮನ್ ಪರೀಕ್ಷೆ ನಡೆಸೋ ಗೋಥೆ ಸಂಸ್ಥೆಯ ಮೊದಲ ಹಂತ ಎ1ರ ಪದಪಟ್ಟಿಯಲ್ಲಿ ಸುಮಾರು 650 ಪದ ಇವೆ, ಎ2ಗೆ 1,300, ಬಿ1ಗೆ 2,400ರಷ್ಟು. ಪಟ್ಟಿಗಳು ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ. ಜರ್ಮನಿಯಲ್ಲಿ ನರ್ಸ್ ಆಗಿ ನೋಂದಣಿ ಆಗಲು ಸಾಮಾನ್ಯವಾಗಿ ಅದಕ್ಕೂ ಮೇಲಿನ ಹಂತ ಬಿ2 ಕೇಳ್ತಾರೆ. ಆರು ತಿಂಗಳಲ್ಲಿ ಅಲ್ಲಿಗೆ ಮುಟ್ಟಿಸ್ತೀವಿ ಅನ್ನೋರ ಮಾತು ನಂಬಬೇಡ. ಡ್ಯೂಟಿ ಮಾಡಿಕೊಂಡು ಅಷ್ಟು ಆಗೋದಿಲ್ಲ. ನವೆಂಬರ್ ಕೊನೆಗೆ ನಿನ್ನ ಕೈಯಲ್ಲಿ 770 ಪದ ಗಟ್ಟಿಯಾಗಿ ಇರಬೇಕು: ಎ1 ಪಟ್ಟಿಯ 640, ಆಸ್ಪತ್ರೆಯ 130. ಪಟ್ಟಿಯಲ್ಲಿ ನಿನಗೆ ಈಗಾಗಲೇ ಗೊತ್ತಿರುವ ಹತ್ತು ಪದ ಬಿಟ್ಟಿದ್ದೇನೆ.

ಲೆಕ್ಕ ಹೀಗಿದೆ. ಜೂನ್ 1 ಸೋಮವಾರ ಶುರು. ಹೊಸ ಪದ ವಾರಕ್ಕೆ 5 ದಿನ ಮಾತ್ರ. ಜೂನ್‌ನಲ್ಲಿ ದಿನಕ್ಕೆ 8, ಜುಲೈಯಿಂದ 10. ನೈಟ್ ಡ್ಯೂಟಿ ವಾರದಲ್ಲಿ ಹೊಸ ಪದ ಸೊನ್ನೆ. ಹಾಗಾಗಿ ಜೂನ್‌ಗೆ 120, ಜುಲೈಗೆ 200, ಆಗಸ್ಟ್ 150, ಸೆಪ್ಟೆಂಬರ್ 150. ಅಕ್ಟೋಬರ್‌ನಲ್ಲಿ ದಸರಾ ವಾರವನ್ನೂ ಬಿಟ್ಟು 150. ನವೆಂಬರ್‌ನಲ್ಲಿ ಹೊಸದು ಒಂದೂ ಇಲ್ಲ. ಜುಲೈಯಿಂದ ವಾರದ 50ರಲ್ಲಿ 40 ಪಟ್ಟಿಯಿಂದ, 10 ನಿನ್ನ ವಾರ್ಡಿನಿಂದ.

ಇಷ್ಟು ಕಡಿಮೆ ಯಾಕೆ ಅಂತ ಕೇಳ್ತೀಯ. ಹೊಸ ಪದ ಸೇರಿಸೋದು ಸುಲಭ, ಅದರ ಹಿಂದೆ ಬರೋ ಪುನರಾವರ್ತನೆಯೇ ಹೊತ್ತು ತಿನ್ನೋದು. ಒಂದು ಪದಕ್ಕೆ ಒಂದು ಕಾರ್ಡ್ ಅಂತ ಮೊಬೈಲಿನಲ್ಲಿ ದಿನಕ್ಕೆ 10 ಹೊಸ ಕಾರ್ಡ್ ಹಾಕಿದರೆ ಒಂದೆರಡು ತಿಂಗಳಲ್ಲಿ ದಿನವೂ 70ರಿಂದ 100 ಹಳೇ ಕಾರ್ಡ್ ಎದುರಿಗೆ ಬಂದು ನಿಲ್ಲುತ್ತವೆ. ಒಂದಕ್ಕೆ 8-10 ಸೆಕೆಂಡ್ ಹಿಡಿದರೂ ಕಾಲು ತಾಸು ಅದಕ್ಕೇ ಹೋಯ್ತು. ಹುರುಪಿನಲ್ಲಿ 25 ಹಾಕಿಕೊಂಡವರು ಎರಡನೇ ತಿಂಗಳಲ್ಲಿ ಬಿಡೋದು ಇದಕ್ಕೇ.

ಆಂಡ್ರಾಯ್ಡ್ ಮೊಬೈಲಿಗೆ ಆಂಕಿಡ್ರಾಯ್ಡ್ ಅನ್ನೋ ಕಾರ್ಡ್ ಆಪ್ ಹಾಕಿಕೋ. ದುಡ್ಡಿಲ್ಲ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಮರೆಯೋ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ಮುಂದೆ ತರೋದು ಅದರ ಕೆಲಸ. ಇವತ್ತು ಕಲಿತದ್ದು ನಾಳೆ ಬರುತ್ತೆ, ನೆನಪಿದ್ದರೆ ಕೆಲವು ದಿನ ಬಿಟ್ಟು, ಆಮೇಲೆ ಒಂದೆರಡು ವಾರ, ಆಮೇಲೆ ತಿಂಗಳು. ಕಲಿತದ್ದು ಮೊದಮೊದಲು ಬೇಗ ಮರೆತು, ಬರಬರುತ್ತಾ ನಿಧಾನ ಮರೆಯುತ್ತದೆ ಅಂತ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪರೀಕ್ಷೆ ಮಾಡಿಕೊಂಡು 1885ರಲ್ಲಿ ಬರೆದಿದ್ದ. ಅವನೂ ಜರ್ಮನ್ನನೇ.

ಸೆಟ್ಟಿಂಗ್ಸ್‌ನಲ್ಲಿ `New cards/day` ಅನ್ನೋ ಕಡೆ 20 ಇರುತ್ತದೆ. ಅದನ್ನು 8 ಮಾಡು, ಜುಲೈಗೆ 10, ನೈಟ್ ವಾರಕ್ಕೆ 0. ಬೇರೆ ಯಾವುದನ್ನೂ ಮುಟ್ಟಬೇಡ.

ಕಾರ್ಡನ್ನು ನೀನೇ ಮಾಡಬೇಕು. ರೆಡಿ ಸಿಗೋ ಸಾವಿರಾರು ಕಾರ್ಡ್ ಇಳಿಸಿಕೊಳ್ಳಬೇಡ. ಅವು ಇಂಗ್ಲಿಷಿನಲ್ಲಿ ಇರುತ್ತವೆ, ನಿನ್ನ ವಾರ್ಡಿಗೂ ಅವಕ್ಕೂ ಸಂಬಂಧ ಇರೋದಿಲ್ಲ. ಮುಂದೆ ಕನ್ನಡ, ಹಿಂದೆ ಜರ್ಮನ್. ಉಲ್ಟಾ ಮಾಡಿದರೆ ಸುಲಭ ಅನಿಸುತ್ತೆ, ಆದರೆ ಪೇಷಂಟ್ ಮುಂದೆ ನಿಂತಾಗ ಬಾಯಿಗೆ ಬರೋದಿಲ್ಲ. ಒಂದು ಮಾದರಿ:

```
ಮುಂದೆ:  ಗಾಯಕ್ಕೆ ಕಟ್ಟೋ ಬ್ಯಾಂಡೇಜ್
ಹಿಂದೆ:  der Verband, die Verbände
        Ich wechsle jetzt den Verband.
```

ಇದರಲ್ಲಿ ಮೂರು ಸಂಗತಿ ನೋಡು. ಹೆಸರುಪದದ ಮೊದಲು ಡೆರ್, ಡೀ, ಡಾಸ್ ಯಾವುದಿದೆಯೋ ಅದರ ಸಮೇತ ಬರೆದಿದೆ. ಬಹುವಚನವೂ ಅಲ್ಲೇ ಇದೆ. ಕೆಳಗೆ ನೀನು ನಿಜವಾಗಿ ಆಡೋ ಒಂದು ಮಾತು ಇದೆ, "ಈಗ ಬ್ಯಾಂಡೇಜ್ ಬದಲಿಸ್ತೀನಿ" ಅಂತ. ಡೆರ್ ಹೋಗಿ ಡೆನ್ ಆಗೋದು ಆ ವಾಕ್ಯದಿಂದಲೇ ಕಿವಿಗೆ ಬೀಳುತ್ತದೆ. ಪದ ನೆನಪಾಗಿ ಡೆರ್ ತಪ್ಪಿದರೆ ಅದು ತಪ್ಪೇ, `Again` ಒತ್ತು. ಇದರಲ್ಲಿ ನಿನಗೆ ನೀನೇ ರಿಯಾಯಿತಿ ಕೊಟ್ಟುಕೊಳ್ಳಬೇಡ. ಮುಂದೆ ಪ್ರತಿ ವಾಕ್ಯವೂ ಅದರ ಮೇಲೇ ನಿಲ್ಲುತ್ತದೆ.

ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಕೊನೆಗೆ -ung, -heit, -keit ಬಂದರೆ ಡೀ. -chen ಬಂದರೆ ಡಾಸ್. ಎರಡು ಪದ ಕೂಡಿ ಒಂದಾದರೆ ಕೊನೇ ಪದದ್ದೇ ನಡೆಯುತ್ತದೆ: das Haus ಇದ್ದದ್ದಕ್ಕೆ das Krankenhaus, der Wagen ಇದ್ದದ್ದಕ್ಕೆ der Krankenwagen. ಕ್ರಿಯಾಪದಕ್ಕೆ ಭೂತಕಾಲ ಸೇರಿಸಿಯೇ ಬರಿ: `gehen, er geht, ist gegangen`.

ಆಪ್‌ನಲ್ಲಿ ನಾಲ್ಕು ಬಟನ್ ಇವೆ. ನೀನು `Again` ಮತ್ತು `Good` ಎರಡನ್ನೇ ಬಳಸು. ಮರೆತಾಗ ಬೇಜಾರಾಗಿ `Hard` ಒತ್ತೋದು ಬಹಳ ಜನರ ಚಾಳಿ. ಹಾಗೆ ಒತ್ತಿದರೆ ನೆನಪಿದೆ, ಸ್ವಲ್ಪ ಕಷ್ಟವಾಯ್ತು ಅಂತ ಆಪ್ ತಿಳಿದುಕೊಂಡು ಕಾರ್ಡನ್ನು ಮುಂದಕ್ಕೆ ಹಾಕುತ್ತೆ. ಒಂದೇ ಪದ ಎಂಟು ಸಲ ಮರೆತರೆ ಆಪ್ ಅದನ್ನು `leech` ಅಂತ ಗುರುತು ಮಾಡುತ್ತದೆ. ಅದನ್ನು ಅಳಿಸಿ, ಬೇರೆ ವಾಕ್ಯ ಹಾಕಿ ಹೊಸ ಕಾರ್ಡ್ ಮಾಡು.

ಇನ್ನು ದಿನದ ಹಂಚಿಕೆ. ಹೋಗುವಾಗ ಬಸ್ಸಿನಲ್ಲಿ ಹಳೇ ಕಾರ್ಡ್ ಪೂರ್ತಿ ಮುಗಿಸು. ಬರುವಾಗ ಹೊಸ 10. ಸೀಟು ಸಿಗದೆ ನಿಂತು ಬಂದ ದಿನ ಹೊಸದನ್ನು ಮನೆಯಲ್ಲಿ ಮಗು ಮಲಗಿದ ಮೇಲೆ ಮಾಡು, ಸುಸ್ತಾಗಿದ್ದರೆ ಬಿಡು. ಹೊಸದು ಬಿಟ್ಟರೆ ಏನೂ ನಷ್ಟ ಇಲ್ಲ, ಹಳೇದು ಮಾತ್ರ ಬಿಡಬೇಡ. ಡ್ಯೂಟಿಯಲ್ಲಿ ಮೊಬೈಲ್ ತೆಗೆಯೋ ಹಾಗಿಲ್ಲ ಅಂದೆಯಲ್ಲ, ಅಲ್ಲಿ ಕಲಿಕೆ ಬೇಡವೇ ಬೇಡ. ಜರ್ಮನ್‌ನಲ್ಲಿ ಹೇಳಲು ಬಾರದ ಒಂದು ವಸ್ತು ಎದುರಾದರೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬಾ. ವಾರದ 10 ಆಸ್ಪತ್ರೆ ಪದ ಅಲ್ಲಿಂದಲೇ ಆರಿಸೋಣ. ಶುರುವಿಗೆ der Blutdruck, das Fieber, die Spritze, der Schmerz ಬರೆದುಕೊಂಡಿದ್ದೇನೆ.

ಕಾರ್ಡನ್ನು ಜೋರಾಗಿ ಓದು. ಬಸ್ಸಿನಲ್ಲಿ ನಾಚಿಕೆ ಆದರೆ ತುಟಿ ಅಲ್ಲಾಡಿಸು. ü, ö ಸದ್ದು ನಮ್ಮ ಕನ್ನಡದಲ್ಲಿ ಇಲ್ಲ, ಅಕ್ಷರ ನೋಡಿ ಊಹೆ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ. ಆ ಎರಡು ಇರೋ ಪದಕ್ಕೆಲ್ಲ ಆಡಿಯೋ ಸೇರಿಸು, ನಾನು ಧ್ವನಿ ಕಳಿಸ್ತೀನಿ.

ಭಾನುವಾರ ಹೊಸ ಪದ ಇಲ್ಲ. ಆ ವಾರದ ಪದಗಳಿಂದ ಹತ್ತು ವಾಕ್ಯ ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ಕಳಿಸು, ತಿದ್ದಿ ಕೊಡ್ತೀನಿ. ಬರೀ ಕಾರ್ಡ್ ತಿರುವಿದರೆ ಪದ ಬರುತ್ತೆ, ಮಾತು ಬರೋದಿಲ್ಲ, ಅಲ್ವಾ? ವ್ಯಾಕರಣಕ್ಕೆ ಶನಿವಾರದ ಕ್ಲಾಸ್ ಇದ್ದೇ ಇದೆ.

ಮನೆಯಲ್ಲಿ ಮದುವೆ, ಜ್ವರ, ಮೇಲಿಂದ ಮೇಲೆ ಡಬಲ್ ಡ್ಯೂಟಿ ಬಂದು 300 ಕಾರ್ಡ್ ಗುಡ್ಡೆ ಬಿದ್ದರೆ ಗಾಬರಿ ಬೇಡ. ಹೊಸದನ್ನು 0 ಮಾಡಿ, ಆ ದಿನದ ಪಾಲು ಮುಗಿಸಿದ ಮೇಲೆ ಬಾಕಿಯಲ್ಲಿ 40 ತೆಗಿ. ಹತ್ತು ದಿನದೊಳಗೆ ಚುಕ್ತಾ ಆಗುತ್ತೆ. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ರಜೆ ನಿನಗೆ ಸಿಕ್ಕರೆ, ಅಲ್ಲಿಯವರೆಗಿನ ಬಾಕಿ ಅವತ್ತೇ ಮುಗಿಸು.

ನವೆಂಬರ್ ಪೂರ್ತಿ ಹಳೇ ಕಾರ್ಡ್ ಮತ್ತು ಮಾತು. ದೀಪಾವಳಿ ಕಳೆದ ಮೇಲೆ ವಾರಕ್ಕೆರಡು ಸಂಜೆ ಫೋನಿನಲ್ಲಿ ನಾನು ಪೇಷಂಟ್ ಆಗ್ತೀನಿ, ನೀನು ನರ್ಸ್. "Wo tut es weh?", ಎಲ್ಲಿ ನೋಯ್ತಿದೆ ಅಂತ ನೀನೇ ಕೇಳಿ ಶುರು ಮಾಡಬೇಕು. ಕೊನೇ ವಾರ ಎ1 ಮಾದರಿ ಪ್ರಶ್ನೆಪತ್ರಿಕೆ ಕೂತು ಬರೆಯೋಣ. ಅಂಕ ಚೆನ್ನಾಗಿ ಬಂದರೆ ಡಿಸೆಂಬರ್‌ನಲ್ಲಿ ಎ2 ಪಟ್ಟಿ ತೆಗೆಯೋಣ, ಇಲ್ಲದಿದ್ದರೆ ಇನ್ನೊಂದು ತಿಂಗಳು ಇದೇ 770.

ಮೇ 31ರ ಭಾನುವಾರ ಮನೆಗೆ ಬಾ. ಮೊದಲ ವಾರದ 40 ಕಾರ್ಡ್ ಇಬ್ಬರೂ ಕೂತು ಮಾಡೋಣ. ಆಂಕಿಡ್ರಾಯ್ಡ್ ಇಳಿಸಿಕೊಂಡು, ಮೊಬೈಲಿನಲ್ಲಿ ಜರ್ಮನ್ ಕೀಬೋರ್ಡ್ ಆನ್ ಮಾಡಿಕೊಂಡೇ ಬಾ. ä, ö, ü, ß ಅದರಿಂದಲೇ ಟೈಪ್ ಮಾಡಬೇಕು.

ನಿನ್ನ ಅಕ್ಕ