ಪದರಗಳ ಮೂಲಕ ಸಂದೇಶದ ಸಾಗಾಟ: ಕಂಪ್ಯೂಟರ್ ನೆಟ್‌ವರ್ಕ್ಸ್ ನೋಟ್ಸ್

ಪದರಗಳ ಹೆಸರನ್ನು ಮೇಲಿಂದ ಕೆಳಕ್ಕೆ ಬಾಯಿಪಾಠ ಮಾಡಿದರೆ ಎರಡು ಅಂಕ ಸಿಗಬಹುದು, ವಿಷಯ ಸಿಗುವುದಿಲ್ಲ. ಒಂದೇ ಒಂದು ಸಂದೇಶ ಹಿಡಿದು, ಬೈಟ್ ಎಣಿಸುತ್ತ ಅದರ ಬೆನ್ನು ಹತ್ತೋಣ.

ಇಲ್ಲಿ ಐದು ಪದರಗಳು ಸಾಕು: ಅಪ್ಲಿಕೇಶನ್, ಟ್ರಾನ್ಸ್‌ಪೋರ್ಟ್, ನೆಟ್‌ವರ್ಕ್, ಡೇಟಾ ಲಿಂಕ್, ಫಿಸಿಕಲ್. ಓಎಸ್‌ಐ ಮಾದರಿ ಏಳು ಹೇಳುತ್ತದೆ. ಅದರ ಸೆಷನ್ ಮತ್ತು ಪ್ರೆಸೆಂಟೇಶನ್ ಪದರಗಳ ಕೆಲಸ ಇಂದಿನ ಇಂಟರ್ನೆಟ್‌ನಲ್ಲಿ ಬಹುಮಟ್ಟಿಗೆ ಅಪ್ಲಿಕೇಶನ್ ಒಳಗೇ ನಡೆಯುತ್ತದೆ.

ಉದಾಹರಣೆ ಹೀಗಿದೆ. ಲ್ಯಾಪ್‌ಟಾಪ್‌ನ ವಿಳಾಸ 192.168.1.23/24, ರೂಟರ್ 192.168.1.1, ದೂರದ ವೆಬ್ ಸರ್ವರ್ 203.0.113.80. ಬ್ರೌಸರ್‌ಗೆ ಒಂದು ಫೈಲ್ ಬೇಕು.

ಕಳಿಸುವ ಮುನ್ನ

ಹೆಸರು ಕೊಟ್ಟು ವಿಳಾಸ ಪಡೆಯುವುದು ಮೊದಲ ಕೆಲಸ. ಡಿಎನ್‌ಎಸ್ ಪ್ರಶ್ನೆ ಸಾಮಾನ್ಯವಾಗಿ ಯುಡಿಪಿಯಲ್ಲಿ, ಪೋರ್ಟ್ 53ಕ್ಕೆ ಹೋಗುತ್ತದೆ. ಉತ್ತರ ಬಂದ ಮೇಲೆ ಟಿಸಿಪಿಯ ಮೂರು ಹೆಜ್ಜೆಯ ಕೈಕುಲುಕು: ಲ್ಯಾಪ್‌ಟಾಪ್‌ನಿಂದ SYN, ಸರ್ವರ್‌ನಿಂದ SYN-ACK, ಮತ್ತೆ ಲ್ಯಾಪ್‌ಟಾಪ್‌ನಿಂದ ACK. ತನ್ನ ಬೈಟ್ ಎಣಿಕೆ ಯಾವ ಸಂಖ್ಯೆಯಿಂದ ಶುರು ಎಂದು ಇಬ್ಬರೂ ತಿಳಿಸಿಕೊಳ್ಳುವುದು ಇಲ್ಲೇ. ಇಷ್ಟಾದರೂ ನಮ್ಮ ಸಂದೇಶದ ಒಂದು ಅಕ್ಷರವೂ ಇನ್ನೂ ಹೊರಟಿಲ್ಲ.

ಇಳಿಯುವಾಗ: 42 ಬೈಟ್ 100 ಆಗುವುದು

ಬ್ರೌಸರ್ ಬರೆದದ್ದು ಇಷ್ಟೇ:

```
GET /a.txt HTTP/1.1
Host: example.com

```

ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಬೈಟ್ ಇರುತ್ತವೆ. ಮೊದಲ ಸಾಲು 21, ಎರಡನೆಯದು 19, ಖಾಲಿ ಸಾಲು 2, ಒಟ್ಟು 42. ಆ ಖಾಲಿ ಸಾಲನ್ನು ಬಿಟ್ಟರೆ ಹೆಡರ್ ಇನ್ನೂ ಮುಗಿದಿಲ್ಲ ಎಂದುಕೊಂಡು ಸರ್ವರ್ ಸುಮ್ಮನೆ ಕಾಯುತ್ತದೆ. ಕೈಯಾರೆ ಟೈಪ್ ಮಾಡಿ ಪ್ರಯೋಗ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಟಿಸಿಪಿ ಇದರ ಮುಂದೆ 20 ಬೈಟ್‌ಗಳ ಹೆಡರ್ ಇಡುತ್ತದೆ: ಮೂಲ ಪೋರ್ಟ್ 51514, ಗುರಿ ಪೋರ್ಟ್ 80, ಸೀಕ್ವೆನ್ಸ್ ಸಂಖ್ಯೆ, ಚೆಕ್‌ಸಮ್ ಇತ್ಯಾದಿ. ಈಗ 62. ಟೈಮ್‌ಸ್ಟ್ಯಾಂಪ್‌ನಂಥ ಆಯ್ಕೆಗಳು ಸೇರಿದರೆ ಹೆಡರ್ ಇನ್ನೂ ಬೆಳೆಯುತ್ತದೆ. ಅವಿಲ್ಲ ಎಂದು ಇಟ್ಟುಕೊಳ್ಳಿ. ಐಪಿ ತನ್ನ 20 ಬೈಟ್ ಸೇರಿಸುತ್ತದೆ: ಎರಡು ಐಪಿ ವಿಳಾಸಗಳು, ಟಿಟಿಎಲ್ 64, ಒಳಗಿರುವುದು ಟಿಸಿಪಿ ಎಂದು ಹೇಳುವ ಪ್ರೋಟೋಕಾಲ್ ಸಂಖ್ಯೆ 6. ಈಗ 82. ಈಥರ್ನೆಟ್ ಮುಂದೆ 14 ಬೈಟ್ ಹೆಡರ್, ಹಿಂದೆ ದೋಷ ಪತ್ತೆಗೆಂದು 4 ಬೈಟ್ ಎಫ್‌ಸಿಎಸ್ ಹಚ್ಚಿ 100 ಮಾಡುತ್ತದೆ. ವೈರ್‌ಶಾರ್ಕ್‌ನಲ್ಲಿ ನೋಡಿದರೆ ಸಾಮಾನ್ಯವಾಗಿ 96 ಎಂದೇ ಕಾಣುತ್ತದೆ. ಲೆಕ್ಕ ತಪ್ಪಿಲ್ಲ, ಎಫ್‌ಸಿಎಸ್ ಅನ್ನು ನೆಟ್‌ವರ್ಕ್ ಕಾರ್ಡೇ ಹಚ್ಚಿ, ಕಾರ್ಡೇ ಕಳಚುವುದರಿಂದ ಅದು ಆಪರೇಟಿಂಗ್ ಸಿಸ್ಟಮ್‌ವರೆಗೆ ಬರುವುದೇ ಇಲ್ಲ.

ಈಥರ್ನೆಟ್ ಹೆಡರ್‌ನಲ್ಲಿ ಗುರಿಯ ಮ್ಯಾಕ್ ವಿಳಾಸ ಯಾರದು? ಸರ್ವರ್‌ನದು ಎಂದು ಬರೆದು ಅಂಕ ಕಳೆದುಕೊಳ್ಳುವವರೇ ಹೆಚ್ಚು. 203.0.113.80 ನಮ್ಮ /24 ಒಳಗಿಲ್ಲ, ಅಂದರೆ ಅದರ ಮೊದಲ ಮೂರು ಸಂಖ್ಯೆಗಳು ನಮ್ಮ ವಿಳಾಸದ್ದಲ್ಲ, ಹಾಗಾಗಿ ಪ್ಯಾಕೆಟ್ ಅನ್ನು ರೂಟರ್ ಕೈಗೆ ಕೊಡಬೇಕು. ಫ್ರೇಮ್ ಮೇಲೆ ಬರೆಯುವುದು ರೂಟರ್‌ನ ಮ್ಯಾಕ್. ಐಪಿ ಹೆಡರ್‌ನಲ್ಲಿರುವುದು ಮಾತ್ರ ಸರ್ವರ್‌ನ ಐಪಿ. ರೂಟರ್‌ನ ಮ್ಯಾಕ್ ಗೊತ್ತಿಲ್ಲದಿದ್ದರೆ “192.168.1.1 ಯಾರು?” ಎಂಬ ಎಆರ್‌ಪಿ ಪ್ರಶ್ನೆ `ff:ff:ff:ff:ff:ff` ವಿಳಾಸಕ್ಕೆ, ಅಂದರೆ ಆ ಲಿಂಕಿನಲ್ಲಿರುವ ಎಲ್ಲರಿಗೂ ಹೋಗುತ್ತದೆ. ಸಬ್‌ನೆಟ್ ಮಾಸ್ಕ್ ಅನ್ನು ತಪ್ಪಾಗಿ /8 ಎಂದು ಹಾಕಿದರೆ 192ರಿಂದ ಶುರುವಾಗುವ ವಿಳಾಸಗಳೆಲ್ಲ ಪಕ್ಕದಲ್ಲೇ ಇವೆ ಎಂದು ಲ್ಯಾಪ್‌ಟಾಪ್ ನಂಬುತ್ತದೆ. ಆಗ ರೂಟರ್‌ಗೆ ಕೊಡಬೇಕಾದದ್ದಕ್ಕೂ ಎಆರ್‌ಪಿ ಕೂಗುತ್ತ ಕೂರುತ್ತದೆ, ಉತ್ತರ ಬರುವುದಿಲ್ಲ. ಉಳಿದ ತಾಣಗಳು ಮಾತ್ರ ಸರಿಯಾಗಿ ತೆರೆಯುತ್ತವೆ. ಇದಕ್ಕಿಂತ ದಾರಿತಪ್ಪಿಸುವ ಲಕ್ಷಣ ಇನ್ನೊಂದಿಲ್ಲ.

ದಾರಿಯಲ್ಲಿ

ಸ್ವಿಚ್ ಓದುವುದು ಮ್ಯಾಕ್ ವಿಳಾಸವನ್ನು ಮಾತ್ರ. ಫ್ರೇಮ್ ಹೇಗೆ ಬಂತೋ ಹಾಗೇ ಸರಿಯಾದ ಪೋರ್ಟ್‌ನಿಂದ ಹೊರಡುತ್ತದೆ. ರೂಟರ್ ಹಾಗಲ್ಲ. ಅದು ಫ್ರೇಮ್ ಅನ್ನು ಬಿಚ್ಚಿ ಬಿಸಾಡಿ, ಐಪಿ ಹೆಡರ್ ಓದಿ, ಟಿಟಿಎಲ್ ಅನ್ನು 64ರಿಂದ 63ಕ್ಕೆ ಇಳಿಸಿ, ಐಪಿ ಚೆಕ್‌ಸಮ್ ಮತ್ತೆ ಲೆಕ್ಕ ಹಾಕಿ, ಮುಂದಿನ ಲಿಂಕ್‌ಗೆ ಹೊಸ ಫ್ರೇಮ್ ಕಟ್ಟುತ್ತದೆ. ಹೀಗಾಗಿ ಮ್ಯಾಕ್ ವಿಳಾಸ ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ, ಗುರಿಯ ಐಪಿ ಕೊನೆಯವರೆಗೂ ಅದೇ. ಟಿಟಿಎಲ್ ಸೊನ್ನೆಯಾದರೆ ಪ್ಯಾಕೆಟ್ ಅಲ್ಲೇ ಸಾಯುತ್ತದೆ, ಕಳಿಸಿದವರಿಗೆ ಐಸಿಎಂಪಿ ಸುದ್ದಿ ಹೋಗುತ್ತದೆ. `traceroute` ಬದುಕಿರುವುದೇ ಈ ಸುದ್ದಿಯ ಮೇಲೆ.

ಮನೆಯ ರೂಟರ್ ಇನ್ನೊಂದು ಕೆಲಸ ಮಾಡುತ್ತದೆ: ನ್ಯಾಟ್. ಮೂಲ ವಿಳಾಸ 192.168.1.23:51514 ಇದ್ದದ್ದು 198.51.100.7:40012 ಆಗುತ್ತದೆ, ಈ ಜೋಡಿ ಒಂದು ಕೋಷ್ಟಕದಲ್ಲಿ ಉಳಿಯುತ್ತದೆ. ರೂಟರ್ ಮೂರನೇ ಪದರದ ಸಾಧನ ಎನ್ನುವ ಪಾಠಕ್ಕೆ ಇದು ಒಗ್ಗುವುದಿಲ್ಲ. ಪೋರ್ಟ್ ಇರುವುದು ನಾಲ್ಕನೇ ಪದರದ ಹೆಡರ್‌ನಲ್ಲಿ. ಪದರಗಳ ನಡುವಿನ ಗೋಡೆ ಪುಸ್ತಕದಲ್ಲಿರುವಷ್ಟು ಗಟ್ಟಿಯಲ್ಲ.

ಏರುವಾಗ

ಸರ್ವರ್‌ನ ಕಾರ್ಡ್ ಮೊದಲು ಎಫ್‌ಸಿಎಸ್ ನೋಡುತ್ತದೆ. ತಾಳೆಯಾಗದಿದ್ದರೆ ಫ್ರೇಮ್ ಕಸಕ್ಕೆ, ಯಾರಿಗೂ ದೂರಿಲ್ಲ. ತಾಳೆಯಾದರೆ ಮೂರು ಪ್ರಶ್ನೆಗಳು. ಈಥರ್‌ಟೈಪ್ ಏನು? `0x0800`, ಹಾಗಾದರೆ ಐಪಿಗೆ. ಪ್ರೋಟೋಕಾಲ್ ಏನು? 6, ಟಿಸಿಪಿಗೆ. ಪೋರ್ಟ್ ಏನು? 80, ಅಲ್ಲಿ ಕೇಳುತ್ತಿರುವ ವೆಬ್ ಸರ್ವರ್‌ಗೆ. ಕೊನೆಗೆ ಅದರ ಕೈಗೆ ಸಿಗುವುದು ಅದೇ 42 ಬೈಟ್. ಆ ಪೋರ್ಟ್‌ನಲ್ಲಿ ಯಾರೂ ಕೇಳುತ್ತಿರದಿದ್ದರೆ ಕೈಕುಲುಕುವಾಗಲೇ RST ಬಂದು `Connection refused` ಕಾಣುತ್ತಿತ್ತು. ನಡುವೆ ಫೈರ್‌ವಾಲ್ ಸದ್ದಿಲ್ಲದೆ ನುಂಗಿದ್ದರೆ `timed out`. ಈ ಎರಡನ್ನೂ ಒಂದೇ ಎಂದುಕೊಳ್ಳಬಾರದು: ಮೊದಲನೆಯದರಲ್ಲಿ ಯಾರೋ ಉತ್ತರ ಕೊಟ್ಟಿದ್ದಾರೆ.

ಉತ್ತರ ಬರುವಾಗ ಒಂದು ತುಂಡು ಕಳೆದರೆ

ಉತ್ತರ 4000 ಬೈಟ್ ಇದೆ ಎನ್ನಿ. ಈಥರ್ನೆಟ್ ಫ್ರೇಮ್ ಒಳಗೆ 1500 ಬೈಟ್‌ಗಷ್ಟೇ ಜಾಗ. ಐಪಿ, ಟಿಸಿಪಿ ಹೆಡರ್‌ಗಳ 40 ಕಳೆದರೆ 1460. ಆದ್ದರಿಂದ 1460, 1460, 1080ರ ಮೂರು ಸೆಗ್ಮೆಂಟ್‌ಗಳು. ಎಣಿಕೆ 1ರಿಂದ ಶುರುವಾದರೆ ಸೀಕ್ವೆನ್ಸ್ ಸಂಖ್ಯೆಗಳು 1, 1461, 2921. ಸಂಖ್ಯೆ ಸೆಗ್ಮೆಂಟ್‌ನದಲ್ಲ, ಬೈಟ್‌ನದು.

ನಡುವಿನದು ಕಳೆದುಹೋಯಿತು. ಲ್ಯಾಪ್‌ಟಾಪ್ ಮೊದಲನೆಯದಕ್ಕೆ “1461 ಕೊಡಿ” ಎಂದು ACK ಕಳಿಸುತ್ತದೆ, ಮೂರನೆಯದು ಬಂದಾಗಲೂ ಅದೇ “1461 ಕೊಡಿ”. ಮೂರನೆಯದನ್ನು ಎಸೆಯದೆ ಬಫರ್‌ನಲ್ಲಿಟ್ಟು ಕಾಯುತ್ತದೆ. ಮೂಲ ನಿಯಮದಂತೆ ಇಂಥ ಮೂರು ಪುನರಾವರ್ತಿತ ACK ಬಂದರೆ ಮಾತ್ರ ಸರ್ವರ್ ಕೂಡಲೇ ಮತ್ತೆ ಕಳಿಸುತ್ತದೆ. ಇಲ್ಲಿ ಬಂದದ್ದು ಒಂದೇ, ಹಾಗಾಗಿ ಟೈಮರ್ ಮುಗಿಯುವವರೆಗೂ ತಡ. ಚಿಕ್ಕ ಫೈಲ್‌ನ ಕೊನೆಯಲ್ಲಿ ಒಂದು ಪ್ಯಾಕೆಟ್ ಹೋದರೂ ಪುಟ ತಡವರಿಸುವುದು ಇದಕ್ಕೇ. ಯುಡಿಪಿಯ 8 ಬೈಟ್ ಹೆಡರ್‌ನಲ್ಲಿ ಸೀಕ್ವೆನ್ಸ್ ಸಂಖ್ಯೆಗೆ ಜಾಗವೇ ಇಲ್ಲ; ಕಳೆದದ್ದನ್ನು ಅಪ್ಲಿಕೇಶನ್ನೇ ನೋಡಿಕೊಳ್ಳಬೇಕು.

ಕೊನೆಯದಾಗಿ, ಪದರಗಳ ಪರಿಚಯವಿಲ್ಲದೆ ಹಿಡಿಯಲಾಗದ ತೊಂದರೆ. `ping` ಹೋಗುತ್ತದೆ, ಸಂಪರ್ಕವೂ ಆಗುತ್ತದೆ, ದೊಡ್ಡ ಪುಟ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ದಾರಿಯಲ್ಲಿ ಪಿಪಿಪಿಓಇ ಲಿಂಕ್ ಇದ್ದರೆ ಅದು 8 ಬೈಟ್ ತಿಂದು 1492 ಉಳಿಸುತ್ತದೆ. ಒಡೆಯಬೇಡ ಎಂಬ ಗುರುತು ಹೊತ್ತ 1500ರ ಪ್ಯಾಕೆಟ್ ಬಂದರೆ ಅಲ್ಲಿನ ರೂಟರ್ ಅದನ್ನು ಬಿಸಾಡಿ, “ಚಿಕ್ಕದು ಮಾಡು” ಎಂದು ಐಸಿಎಂಪಿ ಕಳಿಸುತ್ತದೆ. ಯಾರೋ ಸುರಕ್ಷತೆಯ ಹೆಸರಿನಲ್ಲಿ `ping` ಬಿಟ್ಟು ಉಳಿದ ಐಸಿಎಂಪಿಯನ್ನು ತಡೆದಿದ್ದರೆ ಆ ಸುದ್ದಿ ಸರ್ವರ್‌ಗೆ ಮುಟ್ಟುವುದೇ ಇಲ್ಲ. ಅದು ಅದೇ 1500 ಬೈಟನ್ನು ಮತ್ತೆ ಮತ್ತೆ ಕಳಿಸುತ್ತದೆ. ಲಿನಕ್ಸ್‌ನಲ್ಲಿ ನಮ್ಮ ಕಡೆಯಿಂದ ಪರೀಕ್ಷೆ:

```
ping -M do -s 1472 203.0.113.80
ping -M do -s 1464 203.0.113.80
```

ಸಂಖ್ಯೆಗೆ ಐಸಿಎಂಪಿ ಹೆಡರ್‌ನ 8, ಐಪಿಯ 20 ಸೇರಿಸಿ: 1500 ಮತ್ತು 1492. ಮೊದಲನೆಯದು ಹೋಗದೆ ಎರಡನೆಯದು ಹೋದರೆ ಕಾರಣ ಸಿಕ್ಕಿತು. ರೂಟರ್‌ನಲ್ಲಿ ಟಿಸಿಪಿಯ ಎಂಎಸ್‌ಎಸ್, ಅಂದರೆ ಒಂದು ಸೆಗ್ಮೆಂಟ್ ಹೊರಬಹುದಾದ ಗರಿಷ್ಠ ಡೇಟಾ, ಅದನ್ನು 1452ಕ್ಕೆ ಕಟ್ಟಿಹಾಕಿದರೆ ಪುಟ ಪೂರ್ತಿ ಇಳಿಯುತ್ತದೆ.